ಪಂಪು ನಿಂತಾಗ ಕೊಳವೆಯೊಳಗೆ ನಡೆಯುವುದೇನು?

ರಭಸದಿಂದ ನೀರು ಬೀಳುತ್ತಿರುವ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ, ಗೋಡೆಯೊಳಗಿನ ಕೊಳವೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುವುದನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಹರಿಯುತ್ತಿದ್ದ ನೀರಿನ ದಾರಿ ಮುಚ್ಚಿಹೋಗಿ, ಅದರ ಚಲನೆಯೆಲ್ಲ ಒಮ್ಮೆಲೇ ಒತ್ತಡವಾಗಿ ಮಾರ್ಪಟ್ಟಿದ್ದರ ಫಲ ಅದು. ಇದನ್ನು ಜಲಾಘಾತವೆಂದು ಕರೆಯುತ್ತಾರೆ. ಮನೆಯ ಕೊಳವೆಯಲ್ಲಿ ಅದು ಸದ್ದಿನಲ್ಲಿಯೇ ಮುಗಿಯುತ್ತದೆ. ಆದರೆ ನದಿಯ ದಡದಿಂದ ಮೈಲಿಗಟ್ಟಲೆ ದೂರದ ಊರಿಗೆ ನೀರನ್ನು ಎತ್ತಿ ಸಾಗಿಸುವ ಏರುಕೊಳವೆಯಲ್ಲಿ, ಅಂದರೆ ಎಂಜಿನಿಯರರು ರೈಸಿಂಗ್ ಮೇನ್ ಎನ್ನುವ ಕೊಳವೆಯಲ್ಲಿ, ಅದು ಉಕ್ಕನ್ನೇ ಸೀಳಬಲ್ಲುದು. ವಿಚಿತ್ರವೆಂದರೆ ಅಲ್ಲಿ ಯಾರೂ ಯಾವ ನಲ್ಲಿಯನ್ನೂ ಮುಚ್ಚಬೇಕಾಗಿಲ್ಲ. ವಿದ್ಯುತ್ತು ನಿಂತುಹೋದರೆ ಸಾಕು.

ನಮ್ಮ ನಾಡಿಗೆ ಈ ವಿಷಯ ದೂರದ್ದಲ್ಲ. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಪಂಪುಗಳಿಂದ ಎತ್ತಲ್ಪಟ್ಟು, ಸುಮಾರು 100 ಕಿಲೋಮೀಟರ್ ದೂರ ಸಾಗಿ, ಒಟ್ಟಿನಲ್ಲಿ ಸುಮಾರು 500 ಮೀಟರ್ ಮೇಲೇರುತ್ತದೆ. ಅಷ್ಟು ದೊಡ್ಡ ಏರ್ಪಾಟನ್ನು ಬಿಡಿಸಿ ನೋಡುವುದು ಇಲ್ಲಿ ಸಾಧ್ಯವಿಲ್ಲ. ಆದ್ದರಿಂದ ನಾವು ಲೆಕ್ಕಕ್ಕೆ ಅನುಕೂಲವಾದ ಒಂದು ಚಿಕ್ಕ ಕೊಳವೆಯನ್ನು ಕಲ್ಪಿಸಿಕೊಂಡು, ಪಂಪು ನಿಂತ ಕ್ಷಣದಿಂದ ಅದರಲ್ಲಿ ಏನೇನು ನಡೆಯುತ್ತದೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ನಮ್ಮ ಕೊಳವೆ ಉಕ್ಕಿನದು. ಉದ್ದ 6 ಕಿಲೋಮೀಟರ್, ವ್ಯಾಸ 600 ಮಿಲಿಮೀಟರ್, ಗೋಡೆಯ ದಪ್ಪ 6 ಮಿಲಿಮೀಟರ್. ಕೆಳಗಿನ ತುದಿಯಲ್ಲಿ ಪಂಪು. ಅದು ತನ್ನ ಮಟ್ಟದಲ್ಲಿಯೇ ಇರುವ ತೊಟ್ಟಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮೇಲಿನ ತುದಿಯಲ್ಲಿ ಊರಿನ ಜಲಾಶಯ. ಅದರ ನೀರಿನ ಮಟ್ಟ ಪಂಪಿಗಿಂತ 80 ಮೀಟರ್ ಎತ್ತರ. ನಡುವೆ, ಪಂಪಿನಿಂದ ಮೂರೂವರೆ ಕಿಲೋಮೀಟರ್ ದೂರದಲ್ಲಿ, ಕೊಳವೆ 60 ಮೀಟರ್ ಎತ್ತರದ ಒಂದು ದಿಣ್ಣೆಯನ್ನು ಹತ್ತಿ ದಾಟುತ್ತದೆ. ಈ ದಿಣ್ಣೆಯನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ನಮ್ಮ ಕಥೆಯ ಕೇಂದ್ರ ಅದೇ.

ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಿಂದ, ಎಂದರೆ ಬಿರುಸಾಗಿ ನಡೆಯುವ ಮನುಷ್ಯನ ವೇಗದಿಂದ, ಹರಿಯುತ್ತಿದೆಯೆನ್ನೋಣ. ಇದೇನು ಮಹಾ ವೇಗವೆಂದು ತೋರಬಹುದು. ಆದರೆ ಕೊಳವೆಯಲ್ಲಿರುವ ನೀರಿನ ತೂಕ ಸುಮಾರು 1,700 ಟನ್. ಒಂದು ಭಾರಿ ಗೂಡ್ಸ್ ರೈಲು ನಡಿಗೆಯ ವೇಗದಲ್ಲಿ ಸಾಗುತ್ತಿರುವಂತೆ ಇದೆ ನಮ್ಮ ನೀರಿನ ಕಂಬ. ಅದನ್ನು ತಳ್ಳುತ್ತಿರುವ ಪಂಪು 80 ಮೀಟರ್ ಎತ್ತರದ ಜೊತೆಗೆ ಕೊಳವೆಯ ಘರ್ಷಣೆಯನ್ನೂ ಜಯಿಸಬೇಕು. ಈ ಘರ್ಷಣೆ ಸುಮಾರು 21 ಮೀಟರಿಗೆ ಸಮ. ಆದ್ದರಿಂದ ಪಂಪಿನ ಬಾಯಿಯಲ್ಲಿ ಒತ್ತಡ 101 ಮೀಟರ್ ನೀರಿನ ಕಂಬದಷ್ಟು.

ಇಲ್ಲಿ ಒಂದು ಕಲ್ಪನೆ ಬಹಳ ಸಹಾಯಕ. ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ತೆರೆದ ಗಾಜಿನ ನಳಿಗೆಗಳನ್ನು ನೆಟ್ಟಗೆ ನಿಲ್ಲಿಸಿದ್ದೇವೆಂದು ಭಾವಿಸಿರಿ. ಅವುಗಳಲ್ಲಿ ನೀರು ಏರಿ ನಿಲ್ಲುವ ಮಟ್ಟಗಳನ್ನು ಕೂಡಿಸಿದರೆ ಒಂದು ರೇಖೆ ದೊರೆಯುತ್ತದೆ. ಅದನ್ನು ಒತ್ತಡರೇಖೆ ಎನ್ನೋಣ. ಪಂಪಿನ ಬಳಿ ಅದು 101 ಮೀಟರಿನಲ್ಲಿ ಆರಂಭವಾಗಿ, ಸಮವಾಗಿ ಇಳಿಯುತ್ತ, ಜಲಾಶಯದಲ್ಲಿ 80 ಮೀಟರಿಗೆ ಬರುತ್ತದೆ. ದಿಣ್ಣೆಯ ಮೇಲೆ ಅದರ ಎತ್ತರ ಸುಮಾರು 89 ಮೀಟರ್. ಕೊಳವೆ ಅಲ್ಲಿ 60 ಮೀಟರಿನಲ್ಲಿರುವುದರಿಂದ, ದಿಣ್ಣೆಯಲ್ಲಿ ಕೊಳವೆಯೊಳಗಿನ ಒತ್ತಡ ಇವೆರಡರ ವ್ಯತ್ಯಾಸ, ಕೇವಲ 29 ಮೀಟರ್. ಒತ್ತಡರೇಖೆ ಕೊಳವೆಯ ಮೇಲಿರುವವರೆಗೂ ಎಲ್ಲವೂ ಕ್ಷೇಮ.

ಈಗ ವಿದ್ಯುತ್ತು ಹೋಯಿತು. ನೀರನ್ನು ತಳ್ಳುವ ಕೆಲಸದಲ್ಲಿ ಪಂಪಿನ ಚಕ್ರದ ಶಕ್ತಿ ಬೇಗನೆ ತೀರಿ, ಒಂದೆರಡು ಸೆಕೆಂಡುಗಳಲ್ಲಿ ಅದರ ವೇಗ ಅರ್ಧಕ್ಕಿಳಿಯುತ್ತದೆ; ಅದಕ್ಕೂ ಮೊದಲೇ ಅದು 80 ಮೀಟರ್ ಎತ್ತರದ ವಿರುದ್ಧ ನೀರನ್ನು ತಳ್ಳಲಾರದಾಗಿರುತ್ತದೆ. ಆದರೆ ಮುಂದಿರುವ 1,700 ಟನ್ ನೀರಿಗೆ ಈ ಸುದ್ದಿಯೇ ತಿಳಿಯದು. ಅದು ತನ್ನ ಪಾಡಿಗೆ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಹಿಂದಿನಿಂದ ತಳ್ಳುವವರಿಲ್ಲ, ಮುಂದಿನ ನೀರು ನಿಲ್ಲುವುದಿಲ್ಲ. ಹೀಗಾಗಿ ಪಂಪಿನ ಬಳಿ ಒತ್ತಡ ಕುಸಿಯುತ್ತದೆ. ಈ ಕುಸಿತ ಒಂದು ಅಲೆಯಾಗಿ ಕೊಳವೆಯಲ್ಲಿ ಮೇಲಕ್ಕೆ ಓಡುತ್ತದೆ. ನಲ್ಲಿ ಮುಚ್ಚಿದಾಗ ಮೊದಲು ಒತ್ತಡ ಏರುತ್ತದೆ. ಪಂಪು ನಿಂತಾಗ ಮೊದಲು ಒತ್ತಡ ಇಳಿಯುತ್ತದೆ. ಈ ಒಂದು ಭೇದವನ್ನು ಮರೆತು ರಕ್ಷಣೆಯ ಸಾಧನಗಳನ್ನು ಕೊಂಡವರು ಹಣವನ್ನೂ ಕಳೆದುಕೊಂಡಿದ್ದಾರೆ, ಕೊಳವೆಯನ್ನೂ ಕಳೆದುಕೊಂಡಿದ್ದಾರೆ.

ಅಲೆಯ ವೇಗವೆಷ್ಟು? ಬಯಲಿನ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,450 ಮೀಟರ್ ಓಡುತ್ತದೆ. ಕೊಳವೆಯೊಳಗಾದರೆ ಒತ್ತಡಕ್ಕೆ ತಕ್ಕಂತೆ ಕೊಳವೆಯ ಗೋಡೆಯೂ ಕೊಂಚ ಹಿಗ್ಗಿ ಕುಗ್ಗುವುದರಿಂದ ಅಲೆಯ ಓಟ ನಿಧಾನವಾಗುತ್ತದೆ. ನಮ್ಮ ಕೊಳವೆಯ ವ್ಯಾಸ ಗೋಡೆಯ ದಪ್ಪದ ನೂರರಷ್ಟು. ಆ ಅಳತೆಯ ಉಕ್ಕಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1,000 ಮೀಟರ್ ಎಂದು ಲೆಕ್ಕ ಬರುತ್ತದೆ. ಹಾಗಾದರೆ ಅಲೆ 6 ಸೆಕೆಂಡಿನಲ್ಲಿ ಜಲಾಶಯವನ್ನು ಮುಟ್ಟಿ, ಅಲ್ಲಿಂದ ಪ್ರತಿಫಲಿಸಿ, ಮತ್ತೆ 6 ಸೆಕೆಂಡಿನಲ್ಲಿ ಹಿಂತಿರುಗುತ್ತದೆ. ಈ 12 ಸೆಕೆಂಡಿಗಿಂತ ಬಹಳ ಕಡಮೆ ಕಾಲದಲ್ಲಿ ನಡೆದುಹೋಗುವ ಬದಲಾವಣೆಯೆಲ್ಲ ಕೊಳವೆಯ ಪಾಲಿಗೆ ‘ಥಟ್ಟನೆ’ ನಡೆದಂತೆಯೇ.

ಅಲೆಯ ಗಾತ್ರವನ್ನು ಕಂಡುಹಿಡಿಯುವ ನಿಯಮವನ್ನು ರಷ್ಯದ ಜುಕೋವ್‌ಸ್ಕಿಯವರು ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗಗಳನ್ನು ಮಾಡಿ 1898ರಲ್ಲಿ ಪ್ರಕಟಿಸಿದರು. ವಿಮಾನದ ರೆಕ್ಕೆಯ ಸಿದ್ಧಾಂತದಲ್ಲಿಯೂ ಹೆಸರಾದ ವಿದ್ವಾಂಸರು ಇವರೇ. ನ್ಯೂಟನ್ನನ ನಿಯಮವನ್ನು ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಬಹುದು. ಒಂದು ಸೆಕೆಂಡಿನಲ್ಲಿ ಅಲೆ 1,000 ಮೀಟರ್ ಓಡಿ, ಅಷ್ಟು ಉದ್ದದ ನೀರನ್ನು ನಿಲ್ಲಿಸುತ್ತದೆ. ಕೊಳವೆಯ ಅಡ್ಡಕೊಯ್ತದ ಒಂದು ಚದರ ಮೀಟರಿಗೆ ಆ ನೀರಿನ ರಾಶಿ 10 ಲಕ್ಷ ಕಿಲೋಗ್ರಾಂ. ಅದು ಕಳೆದುಕೊಂಡ ವೇಗ ಒಂದೂವರೆ ಮೀಟರ್. ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ 15 ಲಕ್ಷ ನ್ಯೂಟನ್ ಬಲವಾಯಿತು. ಇದು 153 ಮೀಟರ್ ನೀರಿನ ಕಂಬಕ್ಕೆ ಸಮ. ಸೂತ್ರವಾಗಿ ಬರೆದರೆ:

h = aV/g

ಇಲ್ಲಿ h ಒತ್ತಡದ ಬದಲಾವಣೆ, a ಅಲೆಯ ವೇಗ, V ನೀರು ಕಳೆದುಕೊಂಡ ವೇಗ, g ಗುರುತ್ವದ ವೇಗೋತ್ಕರ್ಷ. ಕೊಳವೆಯ ಉದ್ದ ಈ ಸೂತ್ರದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಉದ್ದ ನಿರ್ಧರಿಸುವುದು ಅಲೆ ಹಿಂದಿರುಗುವ ಕಾಲವನ್ನು ಮಾತ್ರ.

ಹಾಗಾದರೆ ಪಂಪಿನ ಬಳಿ ಒತ್ತಡ 101 ಮೀಟರಿನಿಂದ 153 ಮೀಟರ್ ಕೆಳಗಿಳಿಯಬೇಕಲ್ಲವೇ? ಹಾಗಾಗದು. ಒತ್ತಡ ಸೊನ್ನೆಗಿಳಿಯುತ್ತಲೇ ತೊಟ್ಟಿಯ ನೀರು ನಿಂತ ಪಂಪಿನ ಮೂಲಕವೇ ತಾನಾಗಿ ಒಳನುಗ್ಗಿ ಬರುತ್ತದೆ. ಆದ್ದರಿಂದ ಹೊರಟ ಅಲೆಯ ಗಾತ್ರ ಸುಮಾರು 101 ಮೀಟರಿಗೆ ನಿಲ್ಲುತ್ತದೆ. ಆದರೇನು, ಮೂರೂವರೆ ಸೆಕೆಂಡಿನಲ್ಲಿ ಅದು ದಿಣ್ಣೆಗೆ ಬಂದಿತು. ಅಲ್ಲಿದ್ದ ಒತ್ತಡ 29 ಮೀಟರ್ ಮಾತ್ರ. 29ರಿಂದ 101ನ್ನು ಕಳೆಯುವುದು ಕಾಗದದ ಮೇಲೆ ಸುಲಭ. ನೀರಿಗೆ ಅದು ಅಸಾಧ್ಯ. ವಾತಾವರಣಕ್ಕಿಂತ ಸುಮಾರು 10 ಮೀಟರ್ ಕೆಳಗೆ ಇಳಿದ ಕೂಡಲೆ ನೀರು, ತಣ್ಣಗಿದ್ದರೂ, ಕುದಿದು ಆವಿಯಾಗತೊಡಗುತ್ತದೆ. ದಿಣ್ಣೆಯ ನೆತ್ತಿಯಲ್ಲಿ ನೀರಿನ ಕಂಬ ಎರಡಾಗಿ ಹರಿದು, ನಡುವೆ ಆವಿ ತುಂಬಿದ ಒಂದು ಪೊಳ್ಳು ಹುಟ್ಟುತ್ತದೆ. ನೆತ್ತಿಯೊಂದರಲ್ಲೇ ಅಲ್ಲ, ಪಂಪಿನ ಕಡೆಯ ಏರಿನಲ್ಲಿಯೂ ಸುಮಾರು 10 ಮೀಟರ್ ಎತ್ತರಕ್ಕಿಂತ ಮೇಲಿರುವ ಭಾಗದಲ್ಲೆಲ್ಲ ಸಣ್ಣ ಆವಿಗುಳ್ಳೆಗಳು ಏಳುತ್ತವೆ.

ಪಂಪಿನ ಕಡೆಯ ತುಂಡು ಬೇಗನೆ ಹೆಚ್ಚುಕಡಮೆ ನಿಂತುಬಿಡುತ್ತದೆ. ಪಂಪಿನ ಮುಂದಿರುವ ತಡೆಕವಾಟವೂ ಮುಚ್ಚುತ್ತದೆ. ಜಲಾಶಯದ ಕಡೆಯ ಎರಡೂವರೆ ಕಿಲೋಮೀಟರ್ ಉದ್ದದ ತುಂಡು ಮಾತ್ರ ಮುಂದಕ್ಕೆ ಓಡುತ್ತಿದೆ. ಅದನ್ನು ತಡೆಯುತ್ತಿರುವ ಬಲವೇನು? ಜಲಾಶಯದ ಮಟ್ಟ 80. ಪೊಳ್ಳಿನ ಬಳಿ ಒತ್ತಡರೇಖೆ 60ರಿಂದ 10 ಕಡಮೆ, ಎಂದರೆ 50. ಈ 30 ಮೀಟರಿನ ವ್ಯತ್ಯಾಸವೂ ಘರ್ಷಣೆಯೂ ಸೇರಿ ಅದನ್ನು ಮೆಲ್ಲಗೆ ಹಿಡಿದು ನಿಲ್ಲಿಸುತ್ತವೆ. ಮೇಲಕ್ಕೆಸೆದ ಕಲ್ಲಿನ ಲೆಕ್ಕವನ್ನೇ ಇಲ್ಲಿ ಮಾಡಿದರೆ, ಅದು ನಿಲ್ಲಲು ಸುಮಾರು 12 ಸೆಕೆಂಡು ಬೇಕೆಂದೂ ಅಷ್ಟರಲ್ಲಿ ಎಂಟೊಂಬತ್ತು ಮೀಟರ್ ಮುಂದೆ ಹೋಗಿರುತ್ತದೆಂದೂ ತಿಳಿಯುತ್ತದೆ. ಎರಡೂವರೆ ಘನಮೀಟರಿನಷ್ಟು ಪೊಳ್ಳು ಬಾಯಿ ತೆರೆದಿದೆ. ಬಳಿಕ, ಮೇಲಕ್ಕೆಸೆದ ಕಲ್ಲಿನಂತೆಯೇ, ನೀರು ಹಿಂತಿರುಗುತ್ತದೆ. ಅದೇ 30 ಮೀಟರ್ ಈಗ ಅದನ್ನು ಹಿಂದಕ್ಕೆ ನೂಕುತ್ತಿದೆ. ಪೊಳ್ಳಿನಲ್ಲಿರುವುದು ಗಾಳಿಯಲ್ಲ, ಆವಿ. ಅದು ಮೆತ್ತೆಯಂತೆ ವರ್ತಿಸದೆ, ಒತ್ತಿದಂತೆಲ್ಲ ನೀರಾಗಿ ಮಾಯವಾಗುತ್ತದೆ. ಕೊನೆಗೆ ಸೆಕೆಂಡಿಗೆ ಸುಮಾರು 1.3 ಮೀಟರ್ ವೇಗದಿಂದ ನೀರಿಗೆ ನೀರು ಅಪ್ಪಳಿಸುತ್ತದೆ.

ಎರಡು ಕಂಬಗಳು ಡಿಕ್ಕಿ ಹೊಡೆದಾಗ ಆಘಾತ ಎರಡಕ್ಕೂ ಹಂಚಿಹೋಗುವುದರಿಂದ ಜುಕೋವ್‌ಸ್ಕಿ ನಿಯಮದ ಅರ್ಧದಷ್ಟು ಒತ್ತಡ, ಸುಮಾರು 66 ಮೀಟರ್, ಹುಟ್ಟುತ್ತದೆ. ಆದರೆ ಈ ಅಲೆ ಇಳಿಜಾರಿನಲ್ಲಿ ಓಡಿಬಂದು, ಮುಚ್ಚಿದ ತಡೆಕವಾಟಕ್ಕೆ ಬಡಿದು, ಅಲ್ಲಿ ಇಮ್ಮಡಿಯಾಗುತ್ತದೆ. ಮೊದಲಿದ್ದ 50ಕ್ಕೆ 132 ಸೇರಿ 182 ಮೀಟರ್! ದಿನವೂ 101 ಮೀಟರ್ ಹೊರುವ ಕೊಳವೆಗೆ ಇದು ನೂರಕ್ಕೆ ಎಂಬತ್ತು ಪಾಲು ಹೆಚ್ಚು ಹೊರೆ. ಪಂಪು ನಿಂತು ಅರ್ಧ ನಿಮಿಷವಾಗಿ, ಎಲ್ಲವೂ ಶಾಂತವಾಯಿತೆಂದು ಕಾವಲುಗಾರನು ಭಾವಿಸುವ ಹೊತ್ತಿಗೆ, ಪಂಪ್‌ಹೌಸಿನಲ್ಲಿ ಗುಂಡು ಹಾರಿದಂಥ ಸದ್ದು ಕೇಳಿಬರುವುದು ಇದರಿಂದ. ಸದ್ದು ತಡವಾಗಿ ಬಂದಿತೆಂದರೆ ದೂರದಲ್ಲೆಲ್ಲೋ ಕಂಬ ಹರಿದು ಕೂಡಿತೆಂದು ತಿಳಿಯಬೇಕು. ಬೇಗನೆ ಬಂದರೆ ತಡೆಕವಾಟವೇ ಸಕಾಲದಲ್ಲಿ ಮುಚ್ಚದೆ, ನೀರು ಹಿಮ್ಮುಖವಾದ ಮೇಲೆ ಬಡಿದುಕೊಂಡಿರುವುದು ಸಂಭವ.

ನಮ್ಮದು ಒರಟು ಲೆಕ್ಕ. ನಿಜವಾದ ಯೋಜನೆಯಲ್ಲಿ 6 ಕಿಲೋಮೀಟರನ್ನು 100 ಮೀಟರುಗಳ 60 ತುಂಡುಗಳಾಗಿ ವಿಂಗಡಿಸಿ, ಅಲೆ ಒಂದು ತುಂಡನ್ನು ದಾಟುವ ಕಾಲವಾದ ಸೆಕೆಂಡಿನ ಹತ್ತನೆಯ ಒಂದು ಪಾಲಿಗೊಮ್ಮೆ ಪ್ರತಿಯೊಂದು ಕೀಲಿನಲ್ಲಿಯೂ ಒತ್ತಡವನ್ನೂ ವೇಗವನ್ನೂ ಗಣಕಯಂತ್ರದಿಂದ ಎಣಿಸುತ್ತಾರೆ. ಹಿಂದೆ ಇದನ್ನೇ ನಕ್ಷೆಯ ಕಾಗದದ ಮೇಲೆ ಗೆರೆಗಳನ್ನೆಳೆದು ಸಾಧಿಸುತ್ತಿದ್ದರು. ಆದರೂ ಗಣಕಯಂತ್ರ ಕೊಟ್ಟ ಉತ್ತರವನ್ನು ಇಂಥ ಒರಟು ಲೆಕ್ಕದೊಡನೆ ಹೋಲಿಸಿ ನೋಡದೆ ನಂಬಬಾರದೆಂಬುದು ನಮ್ಮ ಅಭಿಪ್ರಾಯ.

ಇನ್ನು ರಕ್ಷಣೆಯ ಮಾತು. ಮೊದಲು ತೋಚುವುದು ಬಿಡುಗಡೆ ಕವಾಟ: ಒತ್ತಡ ಮಿತಿಮೀರಿದರೆ ತೆರೆದುಕೊಂಡು ನೀರನ್ನು ಹೊರಚೆಲ್ಲುತ್ತದೆ. ಬೆಲೆಯೂ ಕಡಮೆ. ಆದರೆ ನಮ್ಮ ಕೊಳವೆಯ ರೋಗ ಆರಂಭವಾದದ್ದು ಒತ್ತಡದ ಕುಸಿತದಿಂದ. ಕಂಬ ಹರಿಯುವುದನ್ನು ಈ ಕವಾಟ ತಡೆಯಲಾರದು. ಹರಿದ ಕಂಬ ಕೂಡಿದಾಗಿನ ಪೆಟ್ಟನ್ನು ತಾನಿರುವ ಕಡೆ ತುಸು ತಗ್ಗಿಸಬಲ್ಲುದು, ಅಷ್ಟೆ. ಅಲ್ಲದೆ ಒತ್ತಡ ಕುಸಿದ ಆ ಕೆಲವು ಸೆಕೆಂಡುಗಳಲ್ಲಿ ಇನ್ನೊಂದು ಅಪಾಯವಿದೆ. ಕೊಳವೆಯ ಕೀಲುಗಳಲ್ಲಿ ಎಲ್ಲಿಯಾದರೂ ಸಂದಿದ್ದರೆ ಸುತ್ತಲಿನ ಕೊಳಕು ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಕುಡಿಯುವ ನೀರಿನ ಕೊಳವೆಗೆ ಇದು ಒಡೆಯುವುದಕ್ಕಿಂತಲೂ ಕೆಟ್ಟದ್ದು. ಒಡೆದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ನಮ್ಮ ಕೊಳವೆಯ ಗೋಡೆ 6 ಮಿಲಿಮೀಟರ್ ಇರುವುದರಿಂದ ಹೊರಗಿನ ಗಾಳಿಯ ಒತ್ತಡಕ್ಕೆ ಅಪ್ಪಚ್ಚಿಯಾಗದು. ಉಳಿತಾಯವೆಂದು ಅದನ್ನು 3 ಮಿಲಿಮೀಟರಿಗೆ ಇಳಿಸಿದ್ದರೆ ಆ ಭರವಸೆಯೂ ಇರುತ್ತಿರಲಿಲ್ಲ.

ಪಂಪಿನ ಅಚ್ಚಿಗೆ ಭಾರವಾದ ಫ್ಲೈವೀಲನ್ನು ಜೋಡಿಸಿ ಅದು ನಿಧಾನವಾಗಿ ನಿಲ್ಲುವಂತೆ ಮಾಡಬಹುದು. ಚಿಕ್ಕ ಕೊಳವೆಗಳಿಗೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಆದರೆ ನಮ್ಮ ಅಲೆ ಹಿಂತಿರುಗುವ 12 ಸೆಕೆಂಡುಗಳೂ ಪಂಪಿನ ವೇಗ ಐದನೆಯ ನಾಲ್ಕು ಪಾಲಿಗಿಂತ ಕೆಳಗಿಳಿಯಬಾರದೆಂದರೆ, ಸುಮಾರು ಒಂದೂವರೆ ಮೀಟರ್ ವ್ಯಾಸದ, ನಾಲ್ಕು ಟನ್ನಿನ ಆಸುಪಾಸಿನ ಚಕ್ರ ಬೇಕಾಗುತ್ತದೆ. ಪ್ರತಿ ಸಲವೂ ಮೋಟಾರು ಅದನ್ನು ಹೊತ್ತುಕೊಂಡೇ ಹೊರಡಬೇಕು. ಇದನ್ನು ಇಲ್ಲಿಗೇ ಬಿಡೋಣ.

ದಿಣ್ಣೆಯ ಮೇಲೆ ಗಾಳಿಕವಾಟವನ್ನಿಟ್ಟು, ಒತ್ತಡ ಇಳಿದಾಗ ಗಾಳಿ ಒಳಬರುವಂತೆ ಮಾಡುವುದು ಇನ್ನೊಂದು ದಾರಿ. ಗಾಳಿ ಆವಿಯಂತೆ ಮಾಯವಾಗದೆ ಮೆತ್ತೆಯಾಗಿ ನಿಲ್ಲುತ್ತದೆ. ಷರತ್ತು ಒಂದೇ: ದೊಡ್ಡ ಬಾಯಿಯಿಂದ ಒಳಗೆಳೆದುಕೊಂಡ ಗಾಳಿಯನ್ನು ಅದು ಚಿಕ್ಕ ರಂಧ್ರದಿಂದ ಮೆಲ್ಲಗೆ ಹೊರಬಿಡಬೇಕು, ಒಮ್ಮೆಲೇ ಬಿಟ್ಟರೆ ಅದೇ ಡಿಕ್ಕಿ ಮತ್ತೆ ನಡೆಯುತ್ತದೆ. ಕವಾಟವಿರುವ ಗುಂಡಿಯಲ್ಲಿ ಮಳೆನೀರು ನಿಂತಿದ್ದರೆ ಕೊಳವೆ ಉಸಿರಾಡುವುದು ಗಾಳಿಯನ್ನಲ್ಲ, ಆ ಕೆಸರನ್ನು. ಇದಕ್ಕಿಂತ ಸೊಗಸಾದದ್ದು ಏಕಮುಖ ತೊಟ್ಟಿ. ದಿಣ್ಣೆಯ ಮೇಲೆ ನೀರು ತುಂಬಿದ ಒಂದು ತೊಟ್ಟಿ. ಅದರಿಂದ ಕೊಳವೆಗೆ ಮಾತ್ರ ತೆರೆಯುವ ಒಂದು ತಡೆಕವಾಟ. ಪೊಳ್ಳು ಹುಟ್ಟಬೇಕಾದ ಜಾಗಕ್ಕೆ ತೊಟ್ಟಿಯ ನೀರು ಇಳಿದುಬಿಡುತ್ತದೆ. ಓಡುತ್ತಿದ್ದ ತುಂಡು ನಿಂತ ಕ್ಷಣದಲ್ಲಿ ಕವಾಟ ಮುಚ್ಚುತ್ತದೆ. ಹಿಂದಕ್ಕೆ ಬಂದು ಬಡಿಯಲು ಎಡೆಯೇ ಇರುವುದಿಲ್ಲ. ಮಟ್ಟಸವಾಗಿ ಸಾಗಿ ಒಂದೇ ಕಡೆ ನೆತ್ತಿಯೆತ್ತುವ ಕೊಳವೆಗೆ ನಾವು ಇದನ್ನೇ ಆರಿಸುತ್ತಿದ್ದೆವು. ನಮ್ಮ ಕೊಳವೆಯಲ್ಲಿ ಪಂಪಿನಿಂದ ನೆತ್ತಿಯವರೆಗಿನ ಏರೆಲ್ಲವೂ ಅಪಾಯದಲ್ಲಿದೆ. ನೆತ್ತಿಯ ತೊಟ್ಟಿಯ ನೆರವು ತಲುಪುವ ಮೊದಲೇ ಅಲೆ ಆ ಏರನ್ನು ಹಾದುಬಂದಿರುತ್ತದೆ.

ಆದ್ದರಿಂದ ರಕ್ಷಣೆ ಪಂಪಿನ ಬಳಿಯೇ ಇರಬೇಕು. ಅಲ್ಲಿ ತಡೆಕವಾಟದ ಮುಂದೆ ಕೊಳವೆಗೆ ಸೇರಿಸಿದ ಒಂದು ಉಕ್ಕಿನ ವಾಯುಪಾತ್ರೆಯನ್ನು ಇಡೋಣ. ಅದರ ಕೆಳಭಾಗದಲ್ಲಿ ನೀರು, ಮೇಲೆ ಒತ್ತಿಹಿಡಿದ ಗಾಳಿ. ಪಂಪು ನಿಂತ ಕೂಡಲೆ ಗಾಳಿ ಹಿಗ್ಗಿ, ಪಾತ್ರೆಯ ನೀರನ್ನು ಕೊಳವೆಗೆ ತಳ್ಳಿ, ಪಂಪಿನ ಕೆಲಸವನ್ನು ಕೆಲಕಾಲ ತಾನೇ ಮುಂದುವರಿಸುತ್ತದೆ. ಇದಕ್ಕೆ ವಿದ್ಯುತ್ತು ಬೇಡ. ಎಷ್ಟು ಗಾಳಿ ಬೇಕು? ಒತ್ತಡರೇಖೆ ದಿಣ್ಣೆಯ ಬಳಿ 63 ಮೀಟರಿಗಿಂತ ಇಳಿಯಬಾರದೆಂದು ನಿಶ್ಚಯಿಸೋಣ. ಆಗ ನೆತ್ತಿಯಲ್ಲಿಯೂ 3 ಮೀಟರ್ ಒತ್ತಡ ಉಳಿಯುತ್ತದೆ. ಜಲಾಶಯದ 80ರಿಂದ ದಿಣ್ಣೆಯ 63ರ ಮೂಲಕ ನೇರ ಗೆರೆಯೆಳೆದರೆ ಅದು ಪಂಪಿನ ಬಳಿ ಸುಮಾರು 40ಕ್ಕೆ ಬರುತ್ತದೆ. ಎಂದರೆ ಪಾತ್ರೆಯ ಗಾಳಿಯ ಒತ್ತಡ 101ರಿಂದ 40ಕ್ಕೆ ಇಳಿಯಬಹುದು, ಅದಕ್ಕೂ ಕೆಳಗಲ್ಲ. ಅಷ್ಟರಲ್ಲಿ 1,700 ಟನ್ ನೀರಿನ ಚಲನಶಕ್ತಿ ತೀರಿಹೋಗಬೇಕು. ಈ ಶಕ್ತಿಯ ಜಮಾಖರ್ಚನ್ನು ಬರೆದರೆ ಮೊದಲಿಗೆ ಸುಮಾರು 8 ಘನಮೀಟರ್ ಗಾಳಿ ಬೇಕೆಂದೂ ಅದು ಹಿಗ್ಗಿ ಸುಮಾರು 15 ಘನಮೀಟರ್ ಆಗುವುದೆಂದೂ ತಿಳಿಯುತ್ತದೆ. ಗಾಳಿಯೇ ಕೊಳವೆಗೆ ನುಗ್ಗದಂತೆ ತಳದಲ್ಲಿ ಒಂದಿಷ್ಟು ನೀರು ಉಳಿಯಬೇಕಾದ್ದರಿಂದ 20 ಘನಮೀಟರಿನ ಪಾತ್ರೆಯನ್ನು ಆರಿಸಬಹುದು.

ನೀರು ಹಿಂತಿರುಗಿ ಗಾಳಿಯನ್ನು ಮತ್ತೆ ಒತ್ತಿದಾಗ ಒತ್ತಡ ಸುಮಾರು 130 ಮೀಟರಿಗೆ ಏರೀತು. 182ಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಪಾತ್ರೆಯ ಕುತ್ತಿಗೆಯಲ್ಲಿ ನೀರು ಹೊರಹೋಗಲು ಸುಲಭವಾಗಿಯೂ ಒಳಬರಲು ಇಕ್ಕಟ್ಟಾಗಿಯೂ ಇರುವ ದಾರಿಯನ್ನು ಮಾಡಿದರೆ ಇನ್ನೂ ತಗ್ಗುತ್ತದೆ. ಹೊರದಾರಿ ಮಾತ್ರ ಎಂದೂ ಇಕ್ಕಟ್ಟಾಗಬಾರದು. ಹಾಗಾದರೆ ಪಾತ್ರೆಯಿದ್ದೂ ಮೊದಲ ಕುಸಿತ ತಪ್ಪುವುದಿಲ್ಲ.

ಈ ಸಾಧನದ ದೌರ್ಬಲ್ಯವೊಂದಿದೆ. ಒತ್ತಡದಲ್ಲಿರುವ ಗಾಳಿ ನೀರಿನಲ್ಲಿ ಮೆಲ್ಲಮೆಲ್ಲಗೆ ಕರಗಿಹೋಗುತ್ತದೆ. ಸಂಪೀಡಕ ಯಂತ್ರದಿಂದ ಆಗಾಗ ತುಂಬದಿದ್ದರೆ ಕೆಲವು ವಾರಗಳಲ್ಲಿ ಪಾತ್ರೆ ನೀರಿನಿಂದಲೇ ತುಂಬಿ, ಹೊರನೋಟಕ್ಕೆ ಅದೇ ಪಾತ್ರೆಯಾಗಿದ್ದು, ಕೆಲಸದಲ್ಲಿ ಒಂದು ಉಕ್ಕಿನ ಗೂಟದಂತಾಗುತ್ತದೆ. ಗಾಳಿ ನೀರುಗಳ ನಡುವೆ ರಬ್ಬರಿನ ಚೀಲವಿರುವ ಪಾತ್ರೆಗಳಲ್ಲಿ ಈ ತೊಂದರೆ ಕಡಮೆ. ಆದರೆ ಚೀಲ ಹರಿದಿದೆಯೇ ಎಂದು ಪರೀಕ್ಷಿಸುತ್ತಿರಬೇಕು. ಸಾಮಾನ್ಯ ಪಾತ್ರೆಯ ಪಕ್ಕದಲ್ಲಿ ನೀರಿನ ಮಟ್ಟವನ್ನು ತೋರಿಸುವ ಗಾಜಿನ ನಳಿಗೆಯೊಂದಿರುತ್ತದೆ. ಪಂಪು ನಡೆಯುತ್ತಿರುವಾಗ ಅದರಲ್ಲಿ ನೀರು ಗುರುತಿಟ್ಟ ಗೆರೆಗಿಂತ ಮೇಲಿದ್ದರೆ ಗಾಳಿ ಕಡಮೆಯಾಗಿದೆಯೆಂದು ಅರ್ಥ. ಕೊಳವೆಯನ್ನು ಮೊದಲು ಚಾಲೂ ಮಾಡುವ ದಿನ, ಮೊದಲು ಕಡಮೆ ಹರಿವಿನಲ್ಲಿ, ಬಳಿಕ ಪೂರ್ಣ ಹರಿವಿನಲ್ಲಿ, ಬೇಕೆಂದೇ ವಿದ್ಯುತ್ತನ್ನು ಕಡಿದು, ಪಂಪಿನ ಬಳಿಯೂ ದಿಣ್ಣೆಯ ಮೇಲೂ ಒತ್ತಡ ಏರಿಳಿದದ್ದನ್ನು ಬರೆದಿಡುತ್ತಾರೆ. ಆ ಎರಡು ಗೆರೆಗಳ ಪಕ್ಕದಲ್ಲಿ ಆ ಹೊತ್ತಿನ ಗಾಜಿನ ನಳಿಗೆಯ ಮಟ್ಟವನ್ನೂ ಬರೆದಿಟ್ಟರೆ, ಹತ್ತು ವರ್ಷಗಳ ಬಳಿಕ ಅದೇ ಪರೀಕ್ಷೆಯನ್ನು ಮಾಡುವವರು ಏನು ಬದಲಾಗಿದೆಯೆಂದು ನೋಡಿ ಹೇಳಬಹುದು.